ಸಹಾಯ ಬೇಕು: ಪರಿಚಯದ ಮ್ಯಾನೇಜರ್‌ಗೆ ಮೇಲ್ ಹೇಗೆ ಬರೆಯಲಿ?

ಹಳೇ ಕಂಪನಿಯಲ್ಲಿ ನನ್ನ ಟೀಮ್ ಲೀಡ್ ಆಗಿದ್ದವರು ಈಗ ಬೇರೆ ಕಡೆ ಮ್ಯಾನೇಜರ್. ಅವರ ಟೀಮಿಗೇ ಅರ್ಜಿ ಹಾಕಿದ್ದೇನೆ. ವಾಟ್ಸಾಪ್‌ನಲ್ಲಿ 'ಅಣ್ಣಾ' ಅಂತಲೇ ಮಾತು, ಅವರ ಮದುವೆಯಲ್ಲಿ ಬಡಿಸಿದವನು ನಾನು. ಆದರೆ ಮೇಲ್ ಎಚ್‌ಆರ್‌ಗೆ ಫಾರ್ವರ್ಡ್ ಆದರೆ, 'ಅಣ್ಣಾ' ನೋಡಿ ಅವರಿಗೇ ಮುಜುಗರ. 'ಮಾನ್ಯರೇ' ಅಂದರೆ ನಕ್ಕುಬಿಡುತ್ತಾರೆ! ಸದ್ಯ ಹೀಗಿದೆ:

"ನಮಸ್ಕಾರ ಸರ್, ಮನೆಯಲ್ಲಿ ಎಲ್ಲರೂ ಕ್ಷೇಮವೇ? ನಿಮ್ಮ ತಂಡದ ಸೀನಿಯರ್ ಟೆಸ್ಟರ್ ಹುದ್ದೆಗೆ ಇಂದು ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದೆ. ನಿಮ್ಮ ಹತ್ತಿರ 2 ವರ್ಷ ಕಲಿತವನು, ಈಗ ಪೇಮೆಂಟ್ ಆ್ಯಪ್‌ನ ಆಟೊಮೇಷನ್ ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ. ಎಲ್ಲರಂತೆ ನನ್ನನ್ನೂ ಸಂದರ್ಶಿಸಿ; ಪರಿಚಯದ ಕಾರಣಕ್ಕೆ ನಿಮಗೆ ಇಕ್ಕಟ್ಟಾಗುವುದು ಬೇಡ."

ಮದುವೆ ವಿಷಯ ಬೇಕಂತಲೇ ಬಿಟ್ಟೆ. ಕೊನೆಯ ಸಾಲು ಇರಲಾ, ಅಥವಾ ಅದನ್ನು ಫೋನಲ್ಲೇ ಹೇಳಲಾ? ನೇಮಕಾತಿ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.