ಟೇಕ್‌ಓವರ್ ಆದ ಹೋಮ್ ಲೋನ್: ಹಳೇ ಬ್ಯಾಂಕಿನಿಂದ ಬಡ್ಡಿ-ಅಸಲಿನ ಸರ್ಟಿಫಿಕೇಟ್ ಪಡೆಯೋದು ಹೇಗೆ?

ಪ್ರಶ್ನೆ (ತುಮಕೂರಿನಿಂದ): 2024ರ ಸೆಪ್ಟೆಂಬರ್ 30ಕ್ಕೆ ನಮ್ಮ ಹೋಮ್ ಲೋನ್ ಹಳೇ ಬ್ಯಾಂಕಿನಿಂದ ಹೊಸ ಬ್ಯಾಂಕಿಗೆ ಟೇಕ್‌ಓವರ್ ಆಯಿತು. ಏಪ್ರಿಲ್ 1ಕ್ಕೆ ಸರಿಯಾಗಿ 30 ಲಕ್ಷ ಬಾಕಿ ಇತ್ತು. ಅಲ್ಲಿ ಬಡ್ಡಿ 9%, ಇಲ್ಲಿ 8.5%, ಇಎಂಐ ಎರಡೂ ಕಡೆ 30,000. ಸಾಲ, ಕ್ರಯಪತ್ರ ಎರಡೂ ನನ್ನ ಮತ್ತು ಹೆಂಡತಿಯ ಹೆಸರಲ್ಲಿ ಸಮಪಾಲು, ವಾಸ ನಾವೇ ಇದ್ದೀವಿ. ಆಫೀಸಿಗೆ ಹೊಸ ಬ್ಯಾಂಕಿನ ಪ್ರಾವಿಜನಲ್ ಸರ್ಟಿಫಿಕೇಟ್ ಮಾತ್ರ ಕೊಟ್ಟಿದ್ದೆ, ಬಡ್ಡಿ 1,24,578 ಅಂತ. ಮೊದಲ ಆರು ತಿಂಗಳದ್ದು ಕೇಳೋಕೆ ಹಳೇ ಬ್ರಾಂಚಿಗೆ ಹೋದರೆ "ಅಕೌಂಟ್ ಕ್ಲೋಸ್ ಆಗಿದೆ, ಸಿಸ್ಟಂನಲ್ಲಿ ಬರಲ್ಲ" ಅಂತಾರೆ. ನಾನು ಹಳೇ ತೆರಿಗೆ ಪದ್ಧತಿಯಲ್ಲೇ ಆದಾಯ ತೆರಿಗೆ ರಿಟರ್ನ್ ಹಾಕೋದು. 2025ರ ಸೆಪ್ಟೆಂಬರ್ 15 ಕೊನೇ ದಿನ. ಏನು ಮಾಡಲಿ?

ಹಾಸನದ ಮೇಷ್ಟ್ರು: ಅದಕ್ಕೆ ಬ್ರಾಂಚಿಗೆ ಯಾಕೆ ಅಲೀತೀರಿ? ನೆಟ್ ಬ್ಯಾಂಕಿಂಗಲ್ಲಿ "ಇಂಟರೆಸ್ಟ್ ಸರ್ಟಿಫಿಕೇಟ್" ಅಂತ ಒಂದು ಕೊಂಡಿ ಇರುತ್ತೆ. ನಾನು ಪ್ರತಿ ವರ್ಷ ಅಲ್ಲಿಂದಲೇ ಇಳಿಸಿಕೊಳ್ಳೋದು. ಎರಡು ನಿಮಿಷದ ಕೆಲಸ.

ತುಮಕೂರು: ನೋಡಿದೆ ಸರ್. ಅದರಲ್ಲಿ ನನ್ನ ಎಫ್‌ಡಿಗೆ ಬಂದ ಬಡ್ಡಿ ತೋರಿಸ್ತಿದೆ, ನಾನು ಸಾಲಕ್ಕೆ ಕಟ್ಟಿದ್ದಲ್ಲ.

ಮೇಷ್ಟ್ರು: ಓಹ್, ಹೌದಲ್ಲ. ನಂದು ಎಫ್‌ಡಿದೇ.

ವಿಜಯನಗರ ಹುಡುಗ: ಲೋನ್ ಸ್ಟೇಟ್‌ಮೆಂಟ್ ಇದ್ರೆ ಸಾಕು ಬ್ರೋ, ಸರ್ಟಿಫಿಕೇಟ್ ಎಲ್ಲ ಫಾರ್ಮಾಲಿಟಿ. ಅದೂ ಅಲ್ದೆ ಜಾಯಿಂಟ್ ಲೋನ್ ಅಂದ್ರೆ ಗಂಡ 2 ಲಕ್ಷ, ಹೆಂಡ್ತಿ 2 ಲಕ್ಷ, ಒಟ್ಟು 4 ಲಕ್ಷ ಬಡ್ಡಿಗೆ ತೆರಿಗೆ ಕಡಿತ ತಗೋಬಹುದು.

ಸಿಎ ಮೇಡಂ: ಮೊದಲು ಬ್ಯಾಂಕಿನ ಮಾತು. ಕ್ಲೋಸ್ ಆದ ಸಾಲದ ಖಾತೆ ಗ್ರಾಹಕರ ಪರದೆಯಿಂದ ಮರೆಯಾಗುತ್ತೆ ಅಷ್ಟೇ, ಬ್ಯಾಂಕಿನ ದಾಖಲೆಯಿಂದಲ್ಲ. ಬಾಯಲ್ಲಿ ಕೇಳಿದರೆ ಕೌಂಟರಿನವರು ನಿಮ್ಮ ಉಳಿತಾಯ ಖಾತೆ ನಂಬರ್ ಹಾಕಿ ನೋಡಿ "ಇಲ್ಲ" ಅಂದುಬಿಡ್ತಾರೆ. ಸಾಲದ ಖಾತೆ ನಂಬರ್ ಬೇರೆ, ಎನ್‌ಒಸಿ ಅಥವಾ ಸಾಲ ತೀರಿದ ಪತ್ರದ ಮೇಲಿರುತ್ತೆ. ಅದನ್ನಿಟ್ಟುಕೊಂಡು ಬರವಣಿಗೆಯಲ್ಲಿ ಕೇಳಿ. ಇಷ್ಟು ಸಾಲು ಸಾಕು:

"ಮ್ಯಾನೇಜರ್ ಅವರಿಗೆ. ವಿಷಯ: ಮುಕ್ತಾಯವಾದ ಗೃಹ ಸಾಲದ ಬಡ್ಡಿ ಮತ್ತು ಅಸಲಿನ ಪ್ರಮಾಣಪತ್ರ. ನನ್ನ ಮತ್ತು ನನ್ನ ಪತ್ನಿಯ ಜಂಟಿ ಹೆಸರಿನ ಸಾಲ ಖಾತೆ ಸಂಖ್ಯೆ ........, 30-09-2024ರಂದು ಮುಕ್ತಾಯವಾಗಿದೆ. 01-04-2024ರಿಂದ 30-09-2024ರವರೆಗೆ ವಿಧಿಸಿದ ಬಡ್ಡಿ, ಮಾಸಿಕ ಕಂತುಗಳ ಮೂಲಕ ಸಂದಾಯವಾದ ಅಸಲು, ಹಾಗೂ ಮುಕ್ತಾಯದ ದಿನ ಬೇರೆ ಬ್ಯಾಂಕಿನಿಂದ ಬಂದ ಮೊತ್ತ, ಈ ಮೂರನ್ನೂ ಬೇರೆಬೇರೆಯಾಗಿ ತೋರಿಸಿ ಪ್ರಮಾಣಪತ್ರ ಕೊಡಬೇಕೆಂದು ಕೋರುತ್ತೇನೆ. ಇದೇ ಅವಧಿಯ ಖಾತೆ ಸ್ಟೇಟ್‌ಮೆಂಟ್ ಕೂಡ ಬೇಕು."

ಇಬ್ಬರೂ ಸಹಿ ಹಾಕಿ. ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. "ಮೂರನ್ನೂ ಬೇರೆಬೇರೆಯಾಗಿ" ಅನ್ನೋ ಮಾತನ್ನು ಬಿಡಬೇಡಿ, ಯಾಕೆ ಅಂತ ಪತ್ರ ಕೈಗೆ ಬಂದಾಗ ಗೊತ್ತಾಗುತ್ತೆ.

ವಿಜಯನಗರದವರೇ, ಸ್ಟೇಟ್‌ಮೆಂಟಿನಿಂದ ಲೆಕ್ಕ ಹಾಕಬಹುದು, ಅಷ್ಟು ಸರಿ. ಆದರೆ ಸ್ವಂತ ವಾಸದ ಮನೆಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24(ಬಿ) ಅಡಿ ಬಡ್ಡಿ ಕಡಿತಕ್ಕೆ 2 ಲಕ್ಷದ ಮಿತಿ ಬೇಕು ಅಂದರೆ ಸಾಲ ಕೊಟ್ಟವರ ಪ್ರಮಾಣಪತ್ರ ಇರಬೇಕು ಅಂತ ಕಾನೂನೇ ಹೇಳುತ್ತೆ. ಅದಿಲ್ಲದೆ ಮಿತಿ 30,000 ಮಾತ್ರ. ಟೇಕ್‌ಓವರ್ ಸಾಲದ ಬಡ್ಡಿಯೂ ನಡೆಯುತ್ತೆ, ಹಳೇ ಸಾಲ ತೀರಿಸಲು ತೆಗೆದ ಹೊಸ ಸಾಲ ಅಂತ ಅದಕ್ಕೂ ಅಲ್ಲೇ ಜಾಗ ಇದೆ. ಇನ್ನು 4 ಲಕ್ಷದ ಮಾತು. ಇಬ್ಬರಿಗೂ ತಲಾ 2 ಲಕ್ಷದವರೆಗೆ ಮಿತಿ ಇದೆ, ನಿಜ. ಆದರೆ ವರ್ಷದ ಬಡ್ಡಿಯೇ ಅಷ್ಟು ಇಲ್ಲದಿದ್ದರೆ ಎಲ್ಲಿಂದ ತರ್ತೀರಿ?

ನಿವೃತ್ತ ಬ್ಯಾಂಕಿನವರು: ನಾನು ಸಾಲದ ವಿಭಾಗದಲ್ಲೇ ಕೂತಿದ್ದವನು. ಮೇಡಂ ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಬ್ರಾಂಚಿನವರು ಕೈಚೆಲ್ಲಿದರೆ ಆ ಪತ್ರ ಗೃಹ ಸಾಲದ ಪ್ರೊಸೆಸಿಂಗ್ ಸೆಂಟರಿಗೆ ಹೋಗಬೇಕು, ಮಂಜೂರಾತಿ ಪತ್ರ ಎಲ್ಲಿಂದ ಬಂತು ನೋಡಿ. ಅದೂ ಆಗಲಿಲ್ಲ ಅಂದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದು ದೂರಿನ ನಂಬರ್ ಪಡೆಯಿರಿ. 30 ದಿನ ಕಳೆದೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, cms.rbi.org.in ನಲ್ಲಿ ಹಾಕಬಹುದು. ಸಾಲ ಕೊಟ್ಟದ್ದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಅಂದರೆ ದಾರಿ ಬೇರೆ, ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರಬೇಕು.

ತುಮಕೂರು: ದೂರಿಗೆ 30 ದಿನ, ಆಮೇಲೆ ಓಂಬುಡ್ಸ್‌ಮನ್ ಅಂದರೆ ಕೊನೇ ದಿನ ದಾಟಿಹೋಗುತ್ತಲ್ಲ ಸರ್?

ಸಿಎ ಮೇಡಂ: ಅದಕ್ಕೆ ಕಾಯೋ ಹಾಗೇ ಇಲ್ಲ. ಕೊನೇ ದಿನ ದಾಟಿ ಹಾಕಿದರೆ ಹಳೇ ಪದ್ಧತಿ ಆರಿಸೋಕೇ ಬರಲ್ಲ, ಆಗ ಸ್ವಂತ ವಾಸದ ಮನೆಯ ಬಡ್ಡಿಯ ಕಡಿತವೂ ಇಲ್ಲ, ಅಸಲಿಗೆ ಸಿಗೋ 80ಸಿ ಕಡಿತವೂ ಇಲ್ಲ. ಸರ್ಟಿಫಿಕೇಟ್ ರಿಟರ್ನ್ ಜೊತೆ ಅಂಟಿಸೋ ಕಾಗದವಲ್ಲ, ನೋಟಿಸ್ ಬಂದರೆ ತೋರಿಸೋದು. ಸ್ಟೇಟ್‌ಮೆಂಟಿನ ಅಂಕಿ ಹಾಕಿ ಗಡುವಿನೊಳಗೆ ಸಲ್ಲಿಸಿ, ಪತ್ರ ಬಂದ ಮೇಲೆ ವ್ಯತ್ಯಾಸ ಇದ್ದರೆ 2025ರ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿ. 2025ರಿಂದ ರಿಟರ್ನ್ ಫಾರ್ಮಿನಲ್ಲಿ ಬ್ಯಾಂಕಿನ ಹೆಸರು, ಸಾಲದ ಖಾತೆ ನಂಬರ್, ಮಂಜೂರಾದ ತಾರೀಖು, ಮಾರ್ಚ್ 31ರ ಬಾಕಿ ಎಲ್ಲ ಕೇಳ್ತಾರೆ. ನಿಮಗೆ ಎರಡು ಸಾಲು, ಹಳೇ ಬ್ಯಾಂಕಿನ ಬಾಕಿ ಸೊನ್ನೆ.

ತುಮಕೂರು (ಒಂಬತ್ತು ದಿನದ ನಂತರ): ಪತ್ರ ಬಂತು! ಸೀಲಿನ ಪ್ರತಿ ತೋರಿಸಿದ ಕೂಡಲೇ ಮ್ಯಾನೇಜರ್ ಅವರೇ ಎದ್ದು ಹೋಗಿ ತೆಗೆಸಿಕೊಟ್ಟರು. ಆದರೆ ಮೂರು ಬೇರೆಬೇರೆ ಮಾಡಿಲ್ಲ. "ಬಡ್ಡಿ 1,34,148, ಅಸಲು 30,00,000" ಅಂತಿದೆ. ಅಸಲು 30 ಲಕ್ಷ ನಾನು ಯಾವಾಗ ಕಟ್ಟಿದೆ?

ವಿಜಯನಗರ ಹುಡುಗ: ಲಾಟರಿ ಹೊಡೀತು. 80ಸಿಯಲ್ಲಿ 1.5 ಲಕ್ಷ ಪೂರ್ತಿ ತಗೊಳ್ಳಿ, ಬ್ಯಾಂಕೇ ಬರೆದುಕೊಟ್ಟಿದೆಯಲ್ಲ.

ಸಿಎ ಮೇಡಂ: ಇದಕ್ಕೇ ಹೇಳಿದ್ದು. ಆ 30 ಲಕ್ಷದಲ್ಲಿ ನಿಮ್ಮ ಆರು ಕಂತುಗಳ ಅಸಲು 45,852. ಉಳಿದ 29,54,148 ಹೊಸ ಬ್ಯಾಂಕಿನ ಡಿಡಿ. ಸಿಸ್ಟಂಗೆ ಎರಡೂ ಒಂದೇ, ಖಾತೆಗೆ ಬಂದ ಜಮೆ ಅಷ್ಟೆ. ನಾನಾದರೆ ಡಿಡಿಯ ಭಾಗವನ್ನು ಲೆಕ್ಕಕ್ಕೆ ಹಿಡಿಯಲ್ಲ. ನಿಮ್ಮ ತಲೆ ಮೇಲಿನ ಸಾಲ ಒಂದು ರೂಪಾಯಿಯೂ ಇಳಿದಿಲ್ಲ, ಬಾಗಿಲು ಬದಲಾಗಿದೆ. ಅದೇ ಅಸಲನ್ನು ಮುಂದೆ ಹೊಸ ಬ್ಯಾಂಕಿಗೆ ಕಟ್ಟುವಾಗ ಮತ್ತೆ ಕೇಳ್ತೀರಿ, ಅಂದರೆ ಒಂದೇ ದುಡ್ಡಿಗೆ ಎರಡು ಸಲ.

ಈಗ ಒಟ್ಟು ಹಾಕಿ. ಹೊಸ ಬ್ಯಾಂಕಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಬಡ್ಡಿ 1,24,578, ಅಸಲು 55,422. ಎರಡೂ ಸೇರಿದರೆ ಬಡ್ಡಿ 2,58,726, ಅಸಲು 1,01,274. ಇಎಂಐ ಹನ್ನೆರಡು, ತಲಾ 30,000, ಅಂದರೆ 3,60,000. ಎರಡೂ ಕೂಡಿದರೆ ಅಷ್ಟೇ ಬರಬೇಕು, ಬಂತು. ಡಿಡಿ ದುಡ್ಡು ನುಸುಳಿದೆಯೋ ಇಲ್ಲವೋ ಅಂತ ತಿಳಿಯೋಕೆ ಈ ಕೂಡಿಕೆಯೇ ಸಾಕು. ಬ್ಯಾಂಕಿನ ದಿನಲೆಕ್ಕದಿಂದ ಕೆಲವು ನೂರು ರೂಪಾಯಿ ಆಚೀಚೆ ಆದರೆ ಬಿಡಿ, ಲಕ್ಷಗಟ್ಟಲೆ ಆದರೆ ಮಾತ್ರ ಅನುಮಾನ.

ಸಮಪಾಲಾದರೆ ತಲಾ ಬಡ್ಡಿ 1,29,363, ಅಸಲು 50,637. ಹೊಸ ಬ್ಯಾಂಕಿನ ಪತ್ರವೊಂದನ್ನೇ ನಂಬಿ ಅರ್ಧ ಹಾಕಿದ್ದರೆ ಬಡ್ಡಿ ತಲಾ 62,289ಕ್ಕೇ ನಿಲ್ತಿತ್ತು.

ನಿವೃತ್ತ ಬ್ಯಾಂಕಿನವರು: ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 80ಸಿಯಲ್ಲಿ ಇರೋದು ಸಾಲದ ಮರುಪಾವತಿ ಅಂತ, ದುಡ್ಡು ಎಲ್ಲಿಂದ ಬಂತು ಅಂತ ಕೇಳಿಲ್ಲ. ವಾದ ಮಾಡಬಹುದು.

ಸಿಎ ಮೇಡಂ: ವಾದ ಮಾಡಬಹುದು ಸರ್, ಆದರೆ ವಾದ ಮಾಡೋಕೆ ಹೋಗೋದು ಇವರು, ನೀವಲ್ಲ. ತಲಾ 50,637 ಅನುಮಾನ ಇಲ್ಲದ ಅಂಕಿ. ಪಿಎಫ್, ಎಲ್‌ಐಸಿ ಸೇರಿ ಒಂದೂವರೆ ಲಕ್ಷ ತುಂಬಿದರೆ ಈ ಚರ್ಚೆಯೇ ಬೇಡ.

ಮಂಡ್ಯದ ಅಮ್ಮ: ನಮ್ಮದೂ ಟೇಕ್‌ಓವರ್ರೇ. ಹೊಸ ಬ್ಯಾಂಕಿನವರು ಅದರ ಜೊತೆಗೇ 4 ಲಕ್ಷ ಟಾಪ್-ಅಪ್ ಕೊಟ್ರು, ಮಗಳ ಓದಿಗೆ ಹೋಯ್ತು. ಸರ್ಟಿಫಿಕೇಟಲ್ಲಿ ಎಲ್ಲಾ ಸೇರಿಸಿ ಒಂದೇ ಬಡ್ಡಿ ಬಂದಿದೆ. ಹಾಗೇ ಹಾಕಬಹುದಾ?

ಸಿಎ ಮೇಡಂ: ಬೇಡಮ್ಮ. ಮನೆಗೆ ಹೋದ ಭಾಗದ ಬಡ್ಡಿ ಮಾತ್ರ. ಟಾಪ್-ಅಪ್‌ಗೆ ಬೇರೆ ಖಾತೆ ನಂಬರ್ ಇದ್ದರೆ ಬೇರೆ ಪತ್ರ ಕೇಳಿ. ಒಂದೇ ಖಾತೆ ಆದರೆ ಮಂಜೂರಾತಿ ಪತ್ರದ ಅನುಪಾತದಲ್ಲಿ ಬಿಡಿಸಬೇಕು.

ತುಮಕೂರು: ಮೇಡಂ, ಕೊನೇದೊಂದು. ನನ್ನ ಹೆಂಡತಿ ಈ ವರ್ಷ ಹೊಸ ಪದ್ಧತಿಯಲ್ಲಿದ್ದಾಳೆ. ಇಎಂಐ ಎಲ್ಲ ನನ್ನ ಖಾತೆಯಿಂದಲೇ ಹೋಗಿರೋದು. ಅವಳ ಅರ್ಧವನ್ನೂ ನಾನೇ ತಗೊಂಡು 2 ಲಕ್ಷಕ್ಕೆ ತರಬಹುದಾ?

ವಿಜಯನಗರ ಹುಡುಗ: ಕಟ್ಟಿದವರು ತಗೋತಾರೆ, ಅದರಲ್ಲೇನು.

ಸಿಎ ಮೇಡಂ: ಅಷ್ಟು ಸಲೀಸಲ್ಲ. ಕ್ರಯಪತ್ರದಲ್ಲಿ ಪಾಲು ಸಮ ಅಂತ ಬರೆದಿರುವಾಗ ಮನೆಯ ಲೆಕ್ಕ ಪಾಲಿನ ಪ್ರಕಾರವೇ ನಡೆಯುತ್ತೆ. ಪೂರ್ತಿ ಕಟ್ಟಿದವರು ಪೂರ್ತಿ ಕೇಳಬಹುದು ಅನ್ನೋರು ನಮ್ಮಲ್ಲೂ ಇದ್ದಾರೆ, ನಾನು ಆ ಕಡೆಯವಳಲ್ಲ. ಅವರ ಸಂಬಳಕ್ಕೆ ಹಳೇ ಪದ್ಧತಿಯಲ್ಲಿ ಎಷ್ಟು ತೆರಿಗೆ ಬರುತ್ತೆ ಅಂತ ಒಮ್ಮೆ ಹಾಕಿ ನೋಡಿ, ಸಂಬಳದವರು ರಿಟರ್ನ್ ಹಾಕುವಾಗಲೂ ಪದ್ಧತಿ ಬದಲಿಸಬಹುದು. ನಿಮ್ಮಿಬ್ಬರ ಫಾರ್ಮ್ 16 ಎದುರಿಗಿಲ್ಲದೆ ಇದಕ್ಕಿಂತ ಹೆಚ್ಚು ಹೇಳಲಾರೆ. ಮತ್ತೆ ಆ 30,00,000ದ ಪತ್ರ ವಾಪಸ್ ತೆಗೆದುಕೊಂಡು ಹೋಗಿ, ಡಿಡಿ ಮೊತ್ತ ಬೇರೆ ಸಾಲಿನಲ್ಲಿ ಬರೆಸಿಕೊಂಡು ಬನ್ನಿ.

ತುಮಕೂರು: ನಾಳೆ ಶನಿವಾರ, ಎರಡನೇದು. ಸೋಮವಾರವೇ.