‘ಪ್ರಾವನೆನ್ಸ್’: ವಸ್ತುವಿನ ಮೂಲವೋ, ಪೂರ್ವಾಪರವೋ?

ಪ್ರಶ್ನೆ (ಅನುವಾದಕಿ)

ಎಲ್ಲರಿಗೂ ನಮಸ್ಕಾರ. ಹಳೆಯ ಕಲಾವಸ್ತುಗಳಿಗೆ ಬೆಲೆ ಕಟ್ಟುವುದರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಪ್ರಾವನೆನ್ಸ್’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ಮನೆತನದ ಕಾಗದಪತ್ರ, ಹಳೆಯ ಫೋಟೋ ಇದ್ದರೆ ಪ್ರಾವನೆನ್ಸ್ ಗಟ್ಟಿಯಾಗುತ್ತದೆ, ಅಂದಾಜು ಬೆಲೆಯೂ ಏರುತ್ತದೆ ಎಂಬುದು ಅದರ ಸಾರ. ನಿಘಂಟು ‘ಮೂಲ’, ‘ಉಗಮ’ ಎನ್ನುತ್ತದೆ. ಆದರೆ ವಸ್ತುವಿನ ಮೂಲ ಹೇಗಿದೆಯೋ ಹಾಗೆಯೇ ಇರುತ್ತದೆ. ಕಾಗದ ಸಿಕ್ಕ ಮಾತ್ರಕ್ಕೆ ಅದು ಗಟ್ಟಿಯಾಗುವುದು ಎಂದರೇನು? ಪದಕ್ಕಿಂತ ಮೊದಲು ವಿಷಯವೇ ನನಗೆ ಸ್ಪಷ್ಟವಾಗಬೇಕು. ಅದೇ ವಸ್ತು, ಅದೇ ಮರ, ಅದೇ ಬಣ್ಣ. ಪಕ್ಕದಲ್ಲಿ ಒಂದು ಫೋಟೋ ಇಟ್ಟರೆ ಬೆಲೆ ಏಕೆ ಏರಬೇಕು?

ಉತ್ತರ (ನಿವೃತ್ತ ನೋಂದಣಿ ಅಧಿಕಾರಿ)

ಇದರಲ್ಲಿ ತೊಡಕೇನೂ ಇಲ್ಲ. ಜಮೀನಿಗೆ ಮೂಲಪತ್ರ ಇರುವ ಹಾಗೆ ಕಲಾವಸ್ತುವಿಗೆ ಪ್ರಾವನೆನ್ಸ್. ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಅದು. ತಜ್ಞರೊಬ್ಬರು ಸಹಿ ಮಾಡಿದ ಪ್ರಮಾಣಪತ್ರ ಇದ್ದರೆ ಕೆಲಸ ಮುಗಿಯಿತು. ಆದ್ದರಿಂದ ‘ಪ್ರಮಾಣಪತ್ರ’ ಅಥವಾ ‘ಮೂಲಪತ್ರ’ ಎಂದೇ ಬರೆಯಿರಿ, ಓದುಗರಿಗೆ ತಕ್ಷಣ ತಿಳಿಯುತ್ತದೆ.

ಉತ್ತರ (ಹರಾಜು ಸಂಸ್ಥೆಯೊಂದರಲ್ಲಿ ಕ್ಯಾಟಲಾಗ್ ಬರೆಯುತ್ತಿದ್ದವರು)

ಸರಪಳಿ ಎಂಬ ಮಾತು ಸರಿ. ಪ್ರಮಾಣಪತ್ರ ಎಂಬುದನ್ನು ಮಾತ್ರ ಒಪ್ಪಲಾರೆ. ತಜ್ಞರ ಪ್ರಮಾಣಪತ್ರ ಇಂದಿನ ಅಭಿಪ್ರಾಯ. ನಾಳೆ ಇನ್ನೊಬ್ಬ ತಜ್ಞರು ಬೇರೆ ಹೇಳಬಹುದು. ಪ್ರಾವನೆನ್ಸ್ ಎಂದರೆ ವಸ್ತು ತಯಾರಾದ ದಿನದಿಂದ ಇಂದಿನವರೆಗೆ ಯಾರ ಕೈಯಲ್ಲಿತ್ತು, ಹೇಗೆ ಕೈ ಬದಲಾಯಿತು ಎಂಬುದರ ಇತಿಹಾಸ ಮತ್ತು ಅದಕ್ಕಿರುವ ಪುರಾವೆ. ಇತಿಹಾಸ ಬದಲಾಗುವುದಿಲ್ಲ, ಪುರಾವೆ ಬಲವಾಗುತ್ತದೆ ಅಥವಾ ಸಡಿಲವಾಗುತ್ತದೆ. ಅನುವಾದಕಿಯವರು ಕೇಳಿದ ‘ಗಟ್ಟಿಯಾಗುವುದು’ ಇದೇ.

ಒಂದು ಪಿಟೀಲಿನ ಪ್ರಸಂಗ ಹೇಳುತ್ತೇನೆ. ಒಂದು ಮನೆಯವರು ಹಳೆಯ ಪಿಟೀಲು ತಂದರು. ಒಳಗೆ ಪ್ರಸಿದ್ಧ ತಯಾರಕನ ಹೆಸರಿನ ಚೀಟಿ ಅಂಟಿಸಿತ್ತು. ಅಂಥ ಚೀಟಿಗೆ ಬೆಲೆ ಕಡಿಮೆ. ಕಾರ್ಖಾನೆಗಳಲ್ಲಿ ತಯಾರಾದ ಅಸಂಖ್ಯ ಪಿಟೀಲುಗಳೊಳಗೆ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯ ಹೆಸರಿನ ಚೀಟಿಗಳಿವೆ. ಕ್ಯಾಟಲಾಗಿನಲ್ಲಿ ‘ಇಂಥವನ ಚೀಟಿಯಿದೆ’ ಎಂದು ಬರೆದರೆ ಚೀಟಿ ಇದೆ ಎಂದಷ್ಟೇ ಅರ್ಥ. ‘ಇಂಥವನ ಕೃತಿ ಎನ್ನಲಾಗಿದೆ’ ಎಂಬುದು ಅದಕ್ಕಿಂತ ಮೇಲೆ. ‘ಇಂಥವನ ಕೃತಿ’ ಎಂದು ನೇರವಾಗಿ ಬರೆದರೆ ಎಲ್ಲಕ್ಕಿಂತ ಮೇಲೆ. ಅಂದಾಜು ಬೆಲೆ ಹೆಚ್ಚಾಗಿ ಈ ಮೂರು ಮಾತುಗಳಲ್ಲಿ ಯಾವುದನ್ನು ಬರೆಯುತ್ತೇವೆ ಎಂಬುದರ ಮೇಲೆ ನಿಲ್ಲುತ್ತದೆ. ನಮ್ಮದು ಆಗ ಮೊದಲ ಮೆಟ್ಟಿಲಲ್ಲಿತ್ತು.

ಆಮೇಲೆ ಅವರು ಒಂದು ಲಕೋಟೆ ತಂದರು. ಅದರಲ್ಲಿ ಖರೀದಿಯ ರಸೀದಿ, ರಿಪೇರಿ ಮಾಡಿದವನ ಪತ್ರ ಮತ್ತು ತಗಡಿನ ಮೇಲೆ ತೆಗೆದ ಒಂದು ಫೋಟೋ ಇದ್ದವು. ರಸೀದಿಯಲ್ಲಿ ಚೀಟಿಯ ಮೇಲಿದ್ದ ಪ್ರಸಿದ್ಧ ಹೆಸರಿರಲಿಲ್ಲ. ಅಷ್ಟೇನೂ ಖ್ಯಾತಿಯಿಲ್ಲದ, ಆದರೆ ಗೌರವದ ಬೇರೊಬ್ಬ ತಯಾರಕನ ಹೆಸರಿತ್ತು, ರಸೀದಿಯ ತಾರೀಖು ಅವನ ಜೀವಿತಕಾಲದ್ದೇ ಆಗಿತ್ತು. ಇಷ್ಟಕ್ಕೇ ಕುಣಿಯಬಾರದು. ಆ ರಸೀದಿ ‘ಒಂದು ಪಿಟೀಲು’ ಎನ್ನುತ್ತದೆ. ಈ ಪಿಟೀಲು ಎನ್ನುವುದಿಲ್ಲ. ಮನೆಯಲ್ಲಿ ಎರಡು ಪಿಟೀಲುಗಳಿದ್ದು, ಒಳ್ಳೆಯದು ಎಂದೋ ಮಾರಾಟವಾಗಿ, ರಸೀದಿ ಮಾತ್ರ ಉಳಿದಿರಬಹುದು. ಇದು ಬಹಳ ಸಲ ಆಗಿದೆ.

ನಂಟು ಕಟ್ಟಿದ್ದು ರಿಪೇರಿಯ ಪತ್ರ. ಮೇಲುಹಲಗೆಯ ಬಲಗಡೆ, ನಾದರಂಧ್ರದ ಪಕ್ಕ ಉದ್ದಕ್ಕೆ ಬಿರುಕು ಬಿಟ್ಟಿತ್ತು, ಒಳಗಿನಿಂದ ಸಣ್ಣ ಮರದ ತುಂಡುಗಳನ್ನು ಅಂಟಿಸಿ ಸರಿಪಡಿಸಿದ್ದೇನೆ ಎಂದು ಅದರಲ್ಲಿತ್ತು. ಹೊರಗಿನಿಂದ ನೋಡಿದರೆ ಮೆರುಗಿನ ಕೆಳಗೆ ಕೂದಲೆಳೆಯಂಥ ಒಂದು ಗೆರೆ. ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ರಂಧ್ರದೊಳಗೆ ಇಳಿಸಿ ಬೆಳಕು ಬಿಟ್ಟಾಗ ಆ ಮರದ ತುಂಡುಗಳು ಸಾಲಾಗಿ ಕಂಡವು. ಪತ್ರದಲ್ಲಿ ರಸೀದಿಯ ತಯಾರಕನ ಹೆಸರೂ ಇತ್ತು. ಹೀಗೆ ರಸೀದಿ ಪತ್ರಕ್ಕೆ, ಪತ್ರ ಈ ಮರಕ್ಕೆ ಕೂಡಿಕೊಂಡವು.

ಫೋಟೋ ಮೊದಲು ಎಲ್ಲರಿಗೂ ತೊಡಕಾಯಿತು. ಅದರಲ್ಲಿ ಯಜಮಾನರು ಪಿಟೀಲನ್ನು ಬಲ ಹೆಗಲಿಗೆ ಇಟ್ಟುಕೊಂಡಿದ್ದರು. ಬಿರುಕೂ ಎಡಗಡೆ ಕಾಣುತ್ತಿತ್ತು. ಇದು ಬೇರೆ ವಾದ್ಯ ಎಂದು ಒಬ್ಬ ಸಹೋದ್ಯೋಗಿ ಪಕ್ಕಕ್ಕೆ ಸರಿಸಿಬಿಟ್ಟರು. ಆದರೆ ಕೋಟಿನ ಗುಂಡಿಗಳೂ ಗಂಡಸರ ಕೋಟಿನಲ್ಲಿ ಇರುವುದಕ್ಕೆ ತಿರುಗುಮುರುಗಾಗಿದ್ದವು. 1856ರಲ್ಲಿ ಪೇಟೆಂಟ್ ಪಡೆದ ಈ ತಗಡಿನ ವಿಧಾನದಲ್ಲಿ ನೆಗೆಟಿವ್ ಎಂಬುದೇ ಇಲ್ಲ. ಕ್ಯಾಮೆರಾದೊಳಗೆ ಬಿದ್ದ ಬಿಂಬವೇ ಚಿತ್ರ, ಆದ್ದರಿಂದ ಎಡ ಬಲವಾಗಿರುತ್ತದೆ. ತಿರುಗಿಸಿ ನೋಡಿದಾಗ ಬಿರುಕು ಬಲಕ್ಕೆ ಬಂತು, ಗಲ್ಲ ತಾಗುವ ಕಡೆಯ ಕಪ್ಪು ಕಲೆಯೂ ತನ್ನ ಜಾಗದಲ್ಲೇ ಕುಳಿತಿತ್ತು.

ಇಷ್ಟೆಲ್ಲ ಆದ ಮೇಲೂ ಅದು ಚೀಟಿಯಲ್ಲಿದ್ದ ಪ್ರಸಿದ್ಧನ ಪಿಟೀಲಾಗಲಿಲ್ಲ. ಕಾಗದ ಇಲ್ಲದ ಗುಣವನ್ನು ವಸ್ತುವಿಗೆ ಹಚ್ಚುವುದಿಲ್ಲ. ಕೆತ್ತನೆಯ ಶೈಲಿ ರಸೀದಿಯ ತಯಾರಕನದೇ ಎಂದು ಪರಿಣತರು ಬೇರೆಯಾಗಿ ನೋಡಿ ಹೇಳಿದ ಮೇಲಷ್ಟೇ ‘ಇಂಥವನ ಕೃತಿ’ ಎಂದು ಬರೆದೆವು, ಅಂದಾಜು ಮೇಲೇರಿತು. ಕೊಳ್ಳುವವನ ಅನುಮಾನ ತಗ್ಗಿದಷ್ಟೂ ಅವನು ಕೊಡಲು ಸಿದ್ಧನಿರುವ ಹಣ ಹೆಚ್ಚುತ್ತದೆ. ಏರಿಕೆಯ ಗುಟ್ಟು ಅಷ್ಟೇ.

ಪ್ರತಿಕ್ರಿಯೆ (ಮನೆಯಲ್ಲಿ ಗೋಡೆಗಡಿಯಾರ ಇರುವವರು)

ನಮ್ಮಲ್ಲಿ ಮುತ್ತಜ್ಜನ ಕಾಲದ ಗೋಡೆಗಡಿಯಾರವಿದೆ. ವಂಶಾವಳಿ ಬರೆಸಿ ಚೌಕಟ್ಟು ಹಾಕಿಸಿದರೆ ಅದರ ಪ್ರಾಯ ರುಜುವಾತಾಗುತ್ತದೆಯೇ? ಹಳೆಯ ಆಲ್ಬಮ್ಮಿನ ಫೋಟೋಗಳನ್ನು ಕಿತ್ತು ಲ್ಯಾಮಿನೇಟ್ ಮಾಡಿಸೋಣ ಎಂದುಕೊಂಡಿದ್ದೇನೆ. ನಮ್ಮ ಅತ್ತೆ ಗಡಿಯಾರದ ಕಥೆಯನ್ನು ಬಹಳ ಚೆನ್ನಾಗಿ ಹೇಳುತ್ತಾರೆ.

ಉತ್ತರ (ಕ್ಯಾಟಲಾಗ್ ಬರೆಯುತ್ತಿದ್ದವರು)

ದಯವಿಟ್ಟು ಕೀಳಬೇಡಿ, ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಫೋಟೋದ ಬೆನ್ನಿನಲ್ಲಿ ಸ್ಟುಡಿಯೋದ ಮುದ್ರೆ, ಕೈಬರಹದ ಹೆಸರು ಇರಬಹುದು. ಆಲ್ಬಮ್ಮಿನಲ್ಲಿ ಅದರ ಹಿಂದೆ ಮುಂದೆ ಯಾವ ಚಿತ್ರಗಳಿವೆ ಎಂಬುದೂ ಪುರಾವೆಯೇ. ಪುಟಗಳನ್ನು ಇದ್ದ ಹಾಗೆಯೇ ಚಿತ್ರ ತೆಗೆದಿಟ್ಟುಕೊಳ್ಳಿ. ವಂಶಾವಳಿ ಯಾರು ಯಾರ ಮಗ ಎಂದು ಹೇಳುತ್ತದೆ, ಗಡಿಯಾರ ಯಾರ ಕೈಗೆ ಹೋಯಿತು ಎಂದು ಹೇಳುವುದಿಲ್ಲ. ಉಯಿಲಿನಲ್ಲೋ ಪಾಲುಪಟ್ಟಿಯಲ್ಲೋ ಗಡಿಯಾರದ ಹೆಸರು ಬಂದಿದೆಯೇ ಹುಡುಕಿ. ಯಂತ್ರದ ಮೇಲೆ ಕೊರೆದ ಕ್ರಮಸಂಖ್ಯೆಯನ್ನು ಬರೆದುಕೊಳ್ಳಿ; ರಸೀದಿಯಲ್ಲಿ ಅದೇ ಸಂಖ್ಯೆ ಸಿಕ್ಕರೆ ಉಳಿದ ಕಾಗದಗಳಿಗಿಂತ ಅದೊಂದೇ ಹೆಚ್ಚು.

ಅತ್ತೆಯವರ ಮಾತನ್ನು ಬಿಡಬೇಡಿ. ತಾವೇ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬಿಡಿಸಿ ಬರೆಸಿಕೊಂಡು, ತಾರೀಖು, ಸಹಿ ಹಾಕಿಸಿ. ಆ ಕಾಲದ ಕಾಗದದಷ್ಟು ತೂಕ ಅದಕ್ಕಿಲ್ಲ, ಆದರೆ ಬರೆಯದೇ ಉಳಿದ ಕಥೆಗೆ ಬೆಲೆಕಟ್ಟುವವರು ಏನನ್ನೂ ಸೇರಿಸಲಾರರು.

ಪ್ರತಿಕ್ರಿಯೆ (ಇತಿಹಾಸದ ಅಧ್ಯಾಪಕರು)

ಫೋಟೋವನ್ನು ಇಷ್ಟು ನಂಬುವುದು ನನಗೆ ಅಳುಕು ತರುತ್ತದೆ. ಜರ್ಮನಿಯ ವುಲ್ಫ್‌ಗ್ಯಾಂಗ್ ಬೆಲ್ಟ್ರಾಕ್ಕಿ ಪ್ರಕರಣ ನೆನಪಿಸಿಕೊಳ್ಳಿ. ತಾನೇ ಬರೆದ ಚಿತ್ರಗಳನ್ನು ಹೆಂಡತಿಯ ಅಜ್ಜನ ಸಂಗ್ರಹದವು ಎಂದು ಮಾರಿದ. ಹೆಂಡತಿಗೆ ಅವಳ ಅಜ್ಜಿಯ ವೇಷ ಹಾಕಿಸಿ, ಹಿಂದಿನ ಗೋಡೆಗೆ ತನ್ನ ನಕಲಿ ಚಿತ್ರಗಳನ್ನು ತೂಗುಹಾಕಿ, ಹಳೆಯ ಕಾಗದದ ಮೇಲೆ ಮಸುಕಾದ ಕಪ್ಪುಬಿಳುಪು ಫೋಟೋ ಮಾಡಿದ. ಮನೆತನದ ಫೋಟೋ ಎಂದು ನೋಡಿದವರು ನಂಬಿದರು. 1914ರದು ಎನ್ನಲಾದ ಒಂದು ಚಿತ್ರದಲ್ಲಿ, ಆಗ ಕಲಾವಿದರ ಕೈಗೆ ಬಂದೇ ಇರದ ಟೈಟಾನಿಯಮ್ ಬಿಳಿ ಬಣ್ಣ ಸಿಕ್ಕಾಗ ಅವನ ಗುಟ್ಟು ರಟ್ಟಾಯಿತು. 2011ರಲ್ಲಿ ಶಿಕ್ಷೆಯಾಯಿತು.

ಉತ್ತರ (ಕ್ಯಾಟಲಾಗ್ ಬರೆಯುತ್ತಿದ್ದವರು)

ಒಳ್ಳೆಯ ಉದಾಹರಣೆ. ಅದಕ್ಕೇ ಫೋಟೋವನ್ನೂ ವಸ್ತುವಿನಂತೆಯೇ ಪರೀಕ್ಷಿಸಬೇಕು. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದಾಗ ಕಾಗದ ನೀಲಿಯಾಗಿ ಹೊಳೆದರೆ ಅದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿದೆ. ಅದು ಫೋಟೋ ಕಾಗದಕ್ಕೆ ಬಂದದ್ದು 1950ರ ದಶಕದ ಹೊತ್ತಿಗೆ. ಹೊಳೆದರೆ ಮೋಸ ಎಂದೇ ಅಲ್ಲ, ಹಳೆಯ ನೆಗೆಟಿವ್‌ನಿಂದ ಆಮೇಲೆ ಹಾಕಿಸಿದ ಪ್ರತಿಯೂ ಆಗಿರಬಹುದು. ಹೊಳೆಯದಿದ್ದರೆ ಹಳೆಯದೆಂದೂ ಅಲ್ಲ. ಬೆಲ್ಟ್ರಾಕ್ಕಿ ಹಳೆಯ ಕಾಗದವನ್ನೇ ಹುಡುಕಿಕೊಂಡಿದ್ದ. ಅದಕ್ಕೇ ಒಂದೇ ಪುರಾವೆಯ ಮೇಲೆ ನಿಲ್ಲಬಾರದು. ಪಿಟೀಲಿನ ರಸೀದಿ, ಪತ್ರ, ಫೋಟೋ ಮೂರೂ ಬೇರೆ ಬೇರೆ ಕೈಗಳಿಂದ ಬಂದು ಒಂದೇ ಬಿರುಕಿನ ಬಳಿ ಸೇರಿದವು ಎಂಬುದೇ ನನ್ನನ್ನು ಒಪ್ಪಿಸಿದ್ದು.

ಇನ್ನು, ಫೋಟೋವೊಂದು ಬೆಲೆಯನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಪತ್ನಿ ಜಾಕ್ವೆಲಿನ್ ಕೆನಡಿಯವರ ಮೂರೆಳೆಯ ಹಾರವನ್ನು ನೋಡಿ. ಮುತ್ತುಗಳು ಕೃತಕ. ಆದರೆ ಪುಟ್ಟ ಮಗ ತಾಯಿಯ ಕೊರಳಿನ ಆ ಹಾರವನ್ನು ಹಿಡಿದೆಳೆಯುತ್ತಿರುವ 1962ರ ಚಿತ್ರ ಲೋಕಪ್ರಸಿದ್ಧ. 1996ರ ಹರಾಜಿನಲ್ಲಿ 500ರಿಂದ 700 ಡಾಲರ್ ಅಂದಾಜಿದ್ದ ಆ ಹಾರ 2,11,500 ಡಾಲರಿಗೆ ಹೋಯಿತು. ಪಿಟೀಲಿನಲ್ಲಿ ಕಾಗದ ಯಾರು ಮಾಡಿದ್ದು ಎಂಬ ಅನುಮಾನವನ್ನು ನೀಗಿಸಿತು; ಇಲ್ಲಿ ಯಾರು ಧರಿಸಿದ್ದು ಎಂಬುದೇ ಬಹುಪಾಲು ಬೆಲೆ. ಬರಹದಲ್ಲಿ ಈ ಎರಡು ಬೆರೆತುಹೋಗದಂತೆ ನೋಡಿಕೊಳ್ಳಿ.

ಮರುಪ್ರಶ್ನೆ (ಅನುವಾದಕಿ)

ಈಗ ವಿಷಯ ಹಿಡಿತಕ್ಕೆ ಬಂತು, ಎಲ್ಲರಿಗೂ ಧನ್ಯವಾದ. ‘ಪೂರ್ವಾಪರ’ ಎಂಬ ಮಾತು ಹೊಂದುತ್ತದೆ ಅನ್ನಿಸುತ್ತಿದೆ. ಪೂರ್ವಾಪರ ವಿಚಾರಿಸದೆ ಕೊಳ್ಳಬೇಡಿ ಎಂದು ನಾವು ಹೇಳುತ್ತೇವಲ್ಲ. ಮೊದಲ ಸಲ ‘ಒಡೆತನದ ಪೂರ್ವಾಪರ’ ಎಂದು ಬರೆದು, ಮುಂದೆ ‘ಪೂರ್ವಾಪರ’ ಎಂದಷ್ಟೇ ಇಡಬಹುದೇ?

ಉತ್ತರ (ನಿವೃತ್ತ ನೋಂದಣಿ ಅಧಿಕಾರಿ)

ಪೂರ್ವಾಪರದಲ್ಲಿ ದಾಖಲೆಯ ಭಾವ ಬರುವುದಿಲ್ಲ. ಬಾಯಿಮಾತಿನ ವಿಚಾರಣೆಯೂ ಪೂರ್ವಾಪರವೇ. ನಾನು ‘ಮೂಲಪತ್ರ’ವನ್ನು ಬಿಡಲಾರೆ.

ಉತ್ತರ (ಇತಿಹಾಸದ ಅಧ್ಯಾಪಕರು)

ಪೂರ್ವಾಪರಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಉತ್ಖನನದಲ್ಲಿ ಸಿಕ್ಕ ವಸ್ತುವಿಗೆ ಒಡೆಯರ ಸರಪಳಿಯೇ ಇರುವುದಿಲ್ಲ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಮುಖ್ಯ. ಅಲ್ಲಿ ‘ದೊರೆತ ನೆಲೆ’ ಎಂದು ಬೇರೆ ಪದವೇ ಬೇಕಾದೀತು.

ಉತ್ತರ (ಕ್ಯಾಟಲಾಗ್ ಬರೆಯುತ್ತಿದ್ದವರು)

ಪದ ನಿಮ್ಮ ಆಯ್ಕೆ. ಒಂದು ವಾಕ್ಯವನ್ನು ಮಾತ್ರ ತಿದ್ದಿಕೊಳ್ಳಿ: ಕಾಗದವಿದ್ದರೆ ಬೆಲೆ ಏರಿಯೇ ಏರುತ್ತದೆ ಎಂದು ಬರೆಯಬೇಡಿ. ಯುರೋಪಿನಲ್ಲಿದ್ದ ಚಿತ್ರವೊಂದರ ಕಾಗದಗಳು 1933ರಿಂದ 1945ರ ನಡುವಿನ ನಾಜಿ ಆಳ್ವಿಕೆಯಲ್ಲಿ ಅದನ್ನು ಯಹೂದಿ ಕುಟುಂಬದಿಂದ ಕಿತ್ತುಕೊಂಡದ್ದನ್ನು ತೋರಿಸಿದರೆ, ಚಿತ್ರ ಅಸಲಿ ಎಂಬುದರಲ್ಲಿ ಸಂಶಯವೇ ಇಲ್ಲದಿದ್ದರೂ ಜವಾಬ್ದಾರಿಯುತ ಹರಾಜು ಸಂಸ್ಥೆ ಅದನ್ನು ಹಾಗೆಯೇ ಮಾರಾಟಕ್ಕೆ ಇಡುವುದಿಲ್ಲ. ಅಂಥ ಚಿತ್ರಗಳ ಹಿಂದಿನ ಒಡೆಯರನ್ನೋ ವಾರಸುದಾರರನ್ನೋ ಹುಡುಕಿ ನ್ಯಾಯವಾದ ಪರಿಹಾರ ಕಾಣಬೇಕೆಂದು 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ದೇಶಗಳು ಒಪ್ಪಿಕೊಂಡವು. ಅಲ್ಲಿ ಮೊದಲು ಕೇಳುವುದು ಅದು ಯಾರದು ಎಂದು. ಬೆಲೆಯ ಮಾತು ಆಮೇಲಿನದು.