ಅಪ್‌ಡೇಟ್: ಫಾಲೋ-ಅಪ್ ಎಷ್ಟು, ಎಷ್ಟು ದಿನ ಬಿಟ್ಟು?

ನಾನು ಕೇಳಿದ್ದು: ಬೆಂಗಳೂರಲ್ಲಿ ತುಂಬಾ ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಕಿರಿಕಿರಿ ಆಗದ ಹಾಗೆ ಎಷ್ಟು ಸಲ ನೆನಪಿಸಬಹುದು?

ಅಪ್‌ಡೇಟ್: ಈಗ ಎಕ್ಸೆಲ್ ಶೀಟಿನಲ್ಲಿ 'ಮುಂದಿನ ಮೇಲ್ ಯಾವತ್ತು' ಅನ್ನೋ ಕಾಲಂ ಇದೆ. ಬರೀ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಗೆ ವಾರ ಕಳೆದ ಮೇಲೆ ಒಂದೇ ಮೇಲ್, ಅಷ್ಟೇ. ಇಂಟರ್ವ್ಯೂ ಆಗಿದ್ದರೆ ಲೆಕ್ಕ ಬೇರೆ. ವೈಟ್‌ಫೀಲ್ಡ್‌ನ ಒಂದು ಕಂಪನಿಯವರು ಶುಕ್ರವಾರ ತಿಳಿಸುತ್ತೇವೆ ಅಂದಿದ್ದರು. ಸೋಮವಾರವೂ ಸುಮ್ಮನಿದ್ದೆ. ಮಂಗಳವಾರ ಅವರ ಹಳೇ ಮೇಲ್‌ಗೇ ರಿಪ್ಲೈ ಮಾಡಿ ಎರಡು ಸಾಲು ಬರೆದೆ. ಹೊಸ ಮೇಲ್ ಹಾಕಿದರೆ ಇವರು ಯಾರು ಅಂತ ಮತ್ತೆ ಹುಡುಕಬೇಕು, ಅಲ್ವಾ? ಅಪ್ರೂವಲ್ ಬಾಕಿ ಇದೆ, ಇನ್ನೆರಡು ವಾರ ಬೇಕು ಅಂತ ಉತ್ತರ ಬಂತು. ಶೀಟಿನ ತಾರೀಖನ್ನೂ ಅಷ್ಟೇ ಮುಂದಕ್ಕೆ ಹಾಕಿದೆ. ಆಗಲೂ ಸುದ್ದಿ ಇಲ್ಲದಿದ್ದರೆ ಕೊನೆಯದೊಂದು ಮೇಲ್, ಆಮೇಲೆ ಆ ಸಾಲು ಕ್ಲೋಸ್. ಒಂದೇ ಕನ್ಸಲ್ಟೆನ್ಸಿಯವರ ಕೈಯಲ್ಲಿ ಹಲವು ಅರ್ಜಿ ಇದ್ದರೆ ಎಲ್ಲಕ್ಕೂ ಸೇರಿಸಿ ಒಂದೇ ಮೇಲ್. ಆ ಕಡೆ ಓದುವವರು ಒಬ್ಬರೇ.